ಸಬ್‌ಟೈಟಲ್ ಓದಿದ ಬೀಗಿತ್ತಿ

ಅಟ್ಟೂರಿನ ರಾಧಾಮಣಿಗೆ ಮಾತಿನಲ್ಲಿ ಸೋತು ಅಭ್ಯಾಸವಿಲ್ಲ. ಮೂರು ಮಹಡಿಯ ಬಾಡಿಗೆದಾರರನ್ನು ಬಾಯಲ್ಲೇ ಆಳಿದವಳು. ಅಂಥವಳ ಮಗ ಗಿರಿ, ತನ್ನ ಜೊತೆ ಹೆಬ್ಬಾಳದ ಆಫೀಸಿನಲ್ಲಿರುವ ಸ್ನೇಹಾ ಎಂಬ ಮಲಯಾಳಿ ಹುಡುಗಿಯನ್ನೇ ಮದುವೆಯಾಗುತ್ತೇನೆ ಎಂದ. ಈ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ತಕರಾರು ತೆಗೆದದ್ದು ತ್ರಿಶೂರಿನಲ್ಲಿದ್ದ ಹುಡುಗಿಯ ತಾಯಿ ವತ್ಸಲ. "ನಮ್ಮ ಭಾಷೆಯಲ್ಲಿ ಎರಡು ಮಾತಾಡಲು ಆಗದ ಬೀಗಿತ್ತಿಯ ಮನೆಗೆ ಮಗಳನ್ನು ಹೇಗೆ ಕೊಡಲಿ? ಬಂದು ನೋಡಿ ಆಮೇಲೆ ಹೇಳುತ್ತೇನೆ" ಎಂದು ಹೇಳಿ ಕಳಿಸಿದ್ದಳು.

ರಾಧಾಮಣಿಗೆ ಇದು ಚುಚ್ಚಿತು. "ಬರ್ಲಿ ಬಿಡು, ಅವರ ಭಾಷೇಲೇ ಮಾತಾಡಿಸ್ತೀನಿ" ಎಂದು ಗಿರಿಗೆ ಹೇಳಿ, ಆವತ್ತೇ ಟೀವಿಯಲ್ಲಿ ಒಂದು ಮಲಯಾಳಂ ಸಿನಿಮಾ ಹಾಕಿ ಕೂತಳು. ಮುಗಿದ ಮೇಲೆ ಮಗಳು ರಮ್ಯಳನ್ನು ಕರೆದು, "ಮಲಯಾಳ ಅಷ್ಟೇನ್ ಕಷ್ಟ ಇಲ್ಲ ಕಣೇ, ಎಲ್ಲಾ ಅರ್ಥ ಆಯ್ತು" ಎಂದಳು.

"ಅಮ್ಮ, ಅದು ಕನ್ನಡ ಡಬ್ಬಿಂಗ್."

ರಮ್ಯಳಿಗೆ ನಗು ತಡೆಯಲಾಗಲಿಲ್ಲ. ಆದರೂ ಕೂತು ಎಲ್ಲ ಸರಿಮಾಡಿಕೊಟ್ಟಳು. ಆಡಿಯೋ ಮಲಯಾಳಂಗೆ ಬದಲಾಯಿತು. ಸಬ್‌ಟೈಟಲ್ ಕನ್ನಡದಲ್ಲಿ ಸಿಗಲಿಲ್ಲ. ಮಲಯಾಳಂ ಅಕ್ಷರ ಅಮ್ಮನಿಗೆ ಬಾರದು. ಪಿಯುಸಿ ಓದಿದವಳಿಗೆ ಇಂಗ್ಲಿಷ್ ಸಾಕು ಎಂದು ಅದನ್ನೇ ಹಾಕಿದಳು. "ಹೊಡೆದಾಟದ್ದು ಬೇಡ. ಅಡುಗೆಮನೆ, ಮದುವೆ, ನೆಂಟರು ಇರೋದು ನೋಡು. ಒಂದ್ ಸೀನ್ ಸಬ್‌ಟೈಟಲ್ ಹಾಕ್ಕೊಂಡು ನೋಡಿ, ಆಮೇಲೆ ಸಬ್‌ಟೈಟಲ್ ಆಫ್ ಮಾಡಿ ಅದೇ ಸೀನ್ ಇನ್ನೊಂದ್ ಸಲ ನೋಡ್ಬೇಕು. ಅರ್ಥ ಆಗ್ಲಿಲ್ಲ ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗು. ನೀನೂ ಜೊತೇಲಿ ಜೋರಾಗಿ ಹೇಳು" ಎಂದು ಪಾಠ ಹೇಳಿದಳು.

ರಾಧಾಮಣಿ ಅರ್ಧ ಕೇಳಿದಳು. ಜೋರಾಗಿ ಹೇಳುವುದು ಅವಳಿಗೆ ಒಗ್ಗಿತು. ಆಫ್ ಮಾಡುವುದು ಒಗ್ಗಲಿಲ್ಲ. ಓದುವುದನ್ನು ಬಿಟ್ಟರೆ ನಡುನೀರಿನಲ್ಲಿ ಕೈಬಿಟ್ಟ ಹಾಗಾಗುತ್ತಿತ್ತು. ಅಡುಗೆಮನೆಯ ಸಿನಿಮಾಗಳು ಬರೀ ಅಳುವಿನಿಂದ ಬೇಸರ ತಂದವು. ಅವುಗಳನ್ನು ಬಿಟ್ಟು, ಇಬ್ಬರು ಮನೆ ಯಜಮಾನರು ಕಾಂಪೌಂಡ್ ಗೋಡೆಗಾಗಿ ಜಗಳವಾಡುವ ಸಿನಿಮಾ ಹುಡುಕಿಕೊಂಡಳು. ಅದು ಅವಳ ಕ್ಷೇತ್ರ. ಅದರಲ್ಲಿ ಇಬ್ಬರೂ ಮಾತುಮಾತಿಗೆ ಒಬ್ಬರನ್ನೊಬ್ಬರು 'ತಾನ್' ಅನ್ನುತ್ತಿದ್ದರು. ಕೆಳಗಿನ ಇಂಗ್ಲಿಷಿನಲ್ಲಿ ಅದಕ್ಕೆ 'ಯೂ' ಎಂದಿತ್ತು.

"ನೋಡೋ ಗಿರಿ, ಜಗಳ ಆಡುವಾಗ್ಲೂ ತಾವು ತಾವು ಅಂತಾರೆ. ಎಂಥಾ ಮರ್ಯಾದಸ್ಥರು" ಎಂದು ಮೆಚ್ಚಿದಳು. ಗಿರಿ ಫೋನ್ ನೋಡುತ್ತಾ ಹೂಂಗುಟ್ಟಿದ.

ಭಾನುವಾರ ವತ್ಸಲ ಮಗಳೊಂದಿಗೆ ಬಂದಳು. ಬಾಗಿಲಲ್ಲೇ ರಾಧಾಮಣಿ ಕೈಮುಗಿದು, ಕಲಿತದ್ದರಲ್ಲಿ ಅತ್ಯಂತ ಗೌರವದ ಮಾತನ್ನು ಆರಿಸಿ ಹೇಳಿದಳು:

"ತಾನ್ ಇರಿಕ್ಕ್. ತಾನ್ ಚಾಯ ಕುಡಿಕ್ಕುಮೋ?"

ತಾವು ಕೂತ್ಕೊಳ್ಳಿ, ಚಹಾ ಕುಡೀತೀರಾ ಎಂಬುದು ಅವಳ ಲೆಕ್ಕ. ಚಪ್ಪಲಿ ಬಿಡಲು ಬಗ್ಗಿದ್ದ ವತ್ಸಲ ಅರ್ಧಕ್ಕೇ ನಿಂತಳು. ಮುಖ ಬಿಗಿಯಿತು. ಮಗಳತ್ತ ತಿರುಗಿ ಏನೋ ಹೇಳಿದಳು. ಅದರಲ್ಲಿ 'ಪೋಕಾಂ' ಎಂಬುದೊಂದು ರಾಧಾಮಣಿಗೂ ತಿಳಿಯಿತು. ಹೋಗೋಣ.

"ಏನಮ್ಮಾ ತಪ್ಪಂದೆ ನಾನು?" ಎಂದು ಅವಳು ಸ್ನೇಹಾಳನ್ನು ಕೇಳಿದಳು.

"ಆಂಟಿ, ತಾನ್ ಅಂದ್ರೆ ಸರೀಕರಿಗೆ, ಇಲ್ಲಾ ಕೆಳಗಿನವರಿಗೆ. ಜಗಳದಲ್ಲಿ ಬೈಯೋಕೂ ಅಂತಾರೆ. ದೊಡ್ಡವರಿಗೆ ಅನ್ನಲ್ಲ. ಚೇಚ್ಚಿ ಅಂತ ಕರೀಬೇಕು, ಅಕ್ಕ ಅನ್ನೋ ಹಾಗೆ."

ರಾಧಾಮಣಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಮಗನ ಮದುವೆ ತನ್ನ ಬಾಯಿಂದಲೇ ಮುರಿಯಿತಲ್ಲ. ಬೇರೇನೂ ತೋಚದೆ ಟೀವಿ ಹಾಕಿ ಆ ಗೋಡೆ ಜಗಳದ ದೃಶ್ಯವನ್ನೇ ತೋರಿಸಿದಳು. "ಇಲ್ಲಿ ಕಲಿತೆ. ನಮ್ಮಲ್ಲಿ ತಾವು ಅಂದ್ರೆ ದೊಡ್ಡ ಮರ್ಯಾದೆ. ಇದೂ ಅದೇ ಅಂದ್ಕೊಂಡೆ. ಅಮ್ಮಂಗೆ ಹೇಳಮ್ಮಾ." ಸ್ನೇಹಾ ಹೇಳಿದಳು.

ವತ್ಸಲ ಬಾಗಿಲ ಬಳಿಯೇ ನಿಂತು ನೋಡಿದಳು. ಕೆಳಗೆ 'ಯೂ', 'ಯೂ' ಎಂದು ಸಾಲುಗಳು ಬಂದು ಹೋದವು. ಆಮೇಲೆ ಹತ್ತಿರ ಬಂದು ರಿಮೋಟ್ ಇಸಿದುಕೊಂಡಳು. ದೃಶ್ಯವನ್ನು ಹಿಂದಕ್ಕೆ ಓಡಿಸಿ, ಸಬ್‌ಟೈಟಲ್ ಆಫ್ ಮಾಡಿದಳು. ಪರದೆಯತ್ತ ಬೆರಳು ತೋರಿಸಿ, "ಮುಖಂ" ಎಂದಳು.

ರಾಧಾಮಣಿ ನೋಡಿದಳು. ಹತ್ತಾರು ಸಲ ನೋಡಿದ ದೃಶ್ಯವದು. ಒಬ್ಬನ ಕಣ್ಣು ಕೆಂಪಾಗಿತ್ತು, ಇನ್ನೊಬ್ಬ 'ತಾನ್' ಎನ್ನುವಾಗ ಹಲ್ಲು ಕಡಿಯುತ್ತಿದ್ದ. ಇಷ್ಟು ದಿನ ಅವಳು ಇವರ ಮುಖ ನೋಡಿಯೇ ಇರಲಿಲ್ಲ.

"ಅಯ್ಯೋ, ಹಿಂಗಾ ಬೈತಿರೋದು!" ಎಂದು ಕೆನ್ನೆಗೆ ಕೈ ಹಚ್ಚಿದಳು. ವತ್ಸಲ ತಡೆಯಲಾರದೆ ನಕ್ಕಳು, ಕೂತಳು, ಚಾಯ ಕುಡಿದಳು. ಮದುವೆಯ ಮಾತು ಮಾತ್ರ ಎತ್ತಲಿಲ್ಲ. ಗಿರಿ ಮೂಲೆಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದ.

ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ವತ್ಸಲ ಮಗಳ ಕಿವಿಯಲ್ಲಿ ಏನೋ ಹೇಳಿದಳು. ಸ್ನೇಹಾ ನಗುತ್ತಾ ತಿರುಗಿದಳು.

"ಮದುವೆಗೆ ಮುಂಚೆ ಅಮ್ಮಂಗೂ ಕನ್ನಡ ಕಲೀಬೇಕಂತೆ ಆಂಟಿ. ಯಾವ ಸಿನಿಮಾ ನೋಡ್ಲಿ ಅಂತ ಕೇಳ್ತಿದ್ದಾರೆ."