ವಾಲ್ವಿನ ಮೇಲಿನ ಭಂಡಾರ

ಟ್ಯಾಂಕಿಗೆ ಇಳಿಯಲು ಅನುಮತಿ ಕೊಡುವ ಹೊಸ ಪರ್ಮಿಟ್ ಪುಸ್ತಕದಲ್ಲಿ ಒಂದು ಸಾಲು ಬದಲಾಗಿತ್ತು. ಹಳೆಯದರಲ್ಲಿ ‘ಟ್ಯಾಂಕಿಗೆ ಸೇರುವ ಎಲ್ಲ ಪೈಪುಗಳನ್ನು ಬಿಚ್ಚಲಾಗಿದೆ ಅಥವಾ ಬ್ಲೈಂಡ್ ಪ್ಲೇಟ್ ಹಾಕಲಾಗಿದೆ’ ಎಂದಿತ್ತು. ಹೊಸದರಲ್ಲಿ ‘ಎಲ್ಲ ವಾಲ್ವ್ ಬಂದ್ ಮಾಡಲಾಗಿದೆ’ ಎಂದು ಅಚ್ಚಾಗಿತ್ತು. ಸೇಫ್ಟಿ ಆಫೀಸರ್ ರೇಷ್ಮಾ ಆ ಸಾಲಿನ ಕೆಳಗೆ ಸಹಿ ಹಾಕಲು ಒಪ್ಪಲಿಲ್ಲ.

ಮುಧೋಳ ರಸ್ತೆಯ ಆ ಸಕ್ಕರೆ ಕಾರ್ಖಾನೆಗೆ ಸೇರಿದ ಎಥನಾಲ್ ಘಟಕದಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸುವ ಟ್ಯಾಂಕುಗಳು ಸಾಲಾಗಿ ನಿಂತಿವೆ. ಕೊನೆಯದರೊಳಗೆ ಪೈಪಿನ ಆಧಾರವೊಂದು ಬಿರುಕು ಬಿಟ್ಟಿತ್ತು. ಅದನ್ನು ವೆಲ್ಡ್ ಮಾಡಲು ವೆಲ್ಡರ್ ಮಾಳು ಒಳಗೆ ಹೋಗಬೇಕಿತ್ತು. ಟ್ಯಾಂಕ್ ತೊಳೆದಾಗಿತ್ತು. ಕಾಕಂಬಿ ಮತ್ತು ಉಗಿಯ ಪೈಪುಗಳನ್ನು ಬಿಚ್ಚಿ ತುದಿಗೆ ಬಾಯಿ ಮುಚ್ಚುವ ಬ್ಲೈಂಡ್ ಪ್ಲೇಟ್ ಬಿಗಿದಿದ್ದರು. ಕಲಕುವ ಮೋಟಾರಿನ ಕರೆಂಟ್ ತೆಗೆದು ಬೀಗ ಹಾಕಿದ್ದರು. ಉಳಿದದ್ದು ಟ್ಯಾಂಕಿನ ನೆತ್ತಿಯ ಮೇಲಿನ ಗ್ಯಾಸ್ ಪೈಪು ಒಂದೇ. ಎಲ್ಲ ಟ್ಯಾಂಕುಗಳ ಕಾರ್ಬನ್ ಡೈಆಕ್ಸೈಡು, ಅದರ ಜೊತೆ ಅಷ್ಟಿಷ್ಟು ಮದ್ಯಸಾರದ ಆವಿ, ಅದೇ ಪೈಪಿನಲ್ಲಿ ಹೋಗುತ್ತಿತ್ತು. ಅಲ್ಲಿ ಪ್ಲೇಟ್ ಹಾಕಬೇಕೆಂದರೆ ಪಕ್ಕದ ಟ್ಯಾಂಕುಗಳಿಗೆ ಕಾಕಂಬಿ ಬಿಡುವುದನ್ನು ನಿಲ್ಲಿಸಿ, ಅವುಗಳ ಗ್ಯಾಸನ್ನು ಬೇರೆ ದಾರಿಯಿಂದ ಹೊರಗೆ ಬಿಡಬೇಕು. ಅರ್ಧ ದಿನದ ಉತ್ಪಾದನೆ ಹೋಗುತ್ತದೆ. ಪರ್ಮಿಟ್ಟಿನ ಸಾಲು ಬದಲಾದದ್ದು ಅದಕ್ಕೇ. ಬದಲಿಸಿದವರು ಮೆಂಟೆನನ್ಸ್ ಮ್ಯಾನೇಜರ್ ನಾಮದೇವ.

ನಾಮದೇವ ಮೇಲೆ ಆ ಪೈಪಿನ ವಾಲ್ವಿನತ್ತ ಕೈ ತೋರಿಸಿದರು. ಅದರ ಚಕ್ರಕ್ಕೆ ಸರಪಳಿ ಸುತ್ತಿತ್ತು. ಸರಪಳಿಯ ಮೇಲೆ ದಪ್ಪಗೆ ಅರಿಷಿಣದ ಭಂಡಾರ. ಬೀರೇಶ್ವರನ ಭಕ್ತನಾದ ಮಾಳು ಟ್ಯಾಂಕಿಗೆ ಇಳಿಯುವ ಮೊದಲು ಹಾಗೆ ಹಚ್ಚುವುದು ರೂಢಿ. ಭಂಡಾರ ಬಿದ್ದ ಚಕ್ರವನ್ನು ಘಟಕದಲ್ಲಿ ಯಾರೂ ಮುಟ್ಟಿದ್ದಿಲ್ಲ.

“ನಿಮ್ಮ ಬೀಗಕ್ಕಿಂತ ಅದ ಗಟ್ಟಿ,” ಎಂದರು ನಾಮದೇವ. “ನಿಮ್ಮ ಮನಿ ದೇವ್ರೂ ಬೀರಪ್ಪನ ಅಲ್ಲೇನ್ರಿ? ದೇವ್ರ ಮ್ಯಾಲೂ ಭರೋಸಾ ಇಲ್ಲೇನು?”

“ಭಂಡಾರ ಮನಷ್ಯಾರ ಕೈ ತಡೀತೈತ್ರಿ ಸರ್. ಗ್ಯಾಸಿಗೆ ಕೈ ಎಲ್ಲಿ ಅದಾವ?”

ನಿಂತವರಲ್ಲಿ ಯಾರೋ ನಕ್ಕರು. ನಾಮದೇವ ನಗಲಿಲ್ಲ. ಗ್ಯಾಸ್ ಮೀಟರನ್ನು ಆಕೆಯ ಮುಂದೆ ಹಿಡಿದರು. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಆಕ್ಸಿಜನ್ ಶೇಕಡಾ 20.8, ಹೊರಗಿನ ಗಾಳಿಯಲ್ಲಿರುವಷ್ಟೇ ಇತ್ತು. ಉರಿಯುವ ಆವಿ ಸೊನ್ನೆ. ಆ ಅಳತೆ ತೆಗೆದವಳು ರೇಷ್ಮಾಳೇ. ಆದರೆ ಆಗ ಟ್ಯಾಂಕಿನೊಳಗೆ ಗಾಳಿ ಊದುವ ಬ್ಲೋವರ್ ತಿರುಗುತ್ತಿತ್ತು. ವಾಲ್ವ್ ಸೋರುತ್ತಿದ್ದರೂ ಬ್ಲೋವರಿನ ಗಾಳಿ ಅದನ್ನು ಮುಚ್ಚಿಡುತ್ತದೆ ಎಂದು ಆಕೆ ಹೇಳಿದಳು. ಮಾಳು ಒಳಗಿದ್ದಾಗ ಬ್ಲೋವರ್ ನಿಂತರೆ ಅವನಿಗೆ ಉಸಿರು ಸಿಗುವುದಿಲ್ಲ. ಆವಿ ಕೂಡಿದರೆ ಬೆಂಕಿ ಹತ್ತಲು ವೆಲ್ಡಿಂಗಿನ ಒಂದು ಕಿಡಿಯೇ ಸಾಕು.

ಬ್ಲೋವರ್ ನಿಲ್ಲಿಸಿ ನೋಡೋಣ ಎಂದು ಆಕೆ ಕೇಳಿದಳು. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ನಿಲ್ಲಿಸಬೇಕು ಎಂದು ನಾಮದೇವ ಒಪ್ಪಲಿಲ್ಲ. ರೇಷ್ಮಾ ಪೆನ್ನು ತೆಗೆದು ಪರ್ಮಿಟ್ಟಿನ ಖಾಲಿ ಜಾಗದಲ್ಲಿ ಒಂದು ಸಾಲು ಬರೆದಳು: ‘ಈ ವಾಲ್ವ್ ಸೋರುವುದಿಲ್ಲ ಎಂದು ನಾನು ಖಾತ್ರಿ ಕೊಡುತ್ತೇನೆ.’ ಪುಸ್ತಕವನ್ನು ಅವರತ್ತ ತಿರುಗಿಸಿದಳು.

“ಇದಕ್ಕ ಸಹಿ ಮಾಡ್ರಿ. ಇದರ ಕೆಳಗ ನಾನೂ ಮಾಡ್ತೇನಿ.”

ನಾಮದೇವ ಓದಿದರು. ಪೆನ್ನು ತೆಗೆದುಕೊಳ್ಳಲಿಲ್ಲ. ಸಹಿ ಹಾಕುವುದು ಸೇಫ್ಟಿಯವರ ಕೆಲಸ, ಮೆಂಟೆನನ್ಸ್‌ನದಲ್ಲ ಎಂದರು. ಆಕೆಯ ನೌಕರಿ ಇನ್ನೂ ಕಾಯಂ ಆಗಿಲ್ಲ, ಆ ಕಾಗದ ತಮ್ಮ ಮೇಜಿನ ಮೇಲೇ ಇದೆ ಎಂಬುದನ್ನೂ ಮೆಲ್ಲಗೆ ನೆನಪಿಸಿದರು. ರೇಷ್ಮಾ ಪುಸ್ತಕವನ್ನು ಹಾಗೆಯೇ ಹಿಡಿದುಕೊಂಡು ನಿಂತಳು.

ಅಷ್ಟರಲ್ಲಿ ಬ್ಲೋವರಿನ ಸದ್ದು ನಿಂತಿತು. ಮಾಳು ಸ್ವಿಚ್ಚಿನ ಹತ್ತಿರ ನಿಂತಿದ್ದ.

“ಲೇ ಮಾಳ್ಯಾ, ಯಾರ್ ಹೇಳಿದ್ರು ನಿನಗ?”

“ಯಾರೂ ಹೇಳಿಲ್ರಿ ಸಾಹೇಬ್ರ. ನೀವು ಸಹಿ ಮಾಡಲಿಲ್ಲ, ನೋಡಿದ್ನಿ. ಒಳಗ ಹೋಗಾಂವ ನಾನ ಅಲ್ರಿ?”

ರೇಷ್ಮಾ ಮೀಟರಿನ ನಳಿಗೆಯನ್ನು ತಳಕ್ಕೆ ಇಳಿಸಿದಳು. ಕೆಲಹೊತ್ತು ಅಂಕಿ ಅಲುಗಲಿಲ್ಲ. ನಾಮದೇವ ಇನ್ನೇನು ಮಾತು ತೆಗೆಯಬೇಕು, ಅಷ್ಟರಲ್ಲಿ 20.8 ಇದ್ದದ್ದು 20.1ಕ್ಕೆ ಬಂತು. ಆಮೇಲೆ 19.3. ಮೀಟರು ಕೂಗತೊಡಗಿತು. ಆವಿಯ ಅಂಕಿಯೂ ಸೊನ್ನೆ ಬಿಟ್ಟು ಮೇಲೇರಿತ್ತು. ಮಾಳು ಕೈಯಲ್ಲಿದ್ದ ವೆಲ್ಡಿಂಗ್ ಹೋಲ್ಡರನ್ನು ನೆಲಕ್ಕಿಟ್ಟ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಟ್ಯಾಂಕುಗಳಿಗೆ ಕಾಕಂಬಿ ನಿಂತಿತು. ಫಿಟ್ಟರುಗಳು ಉಸಿರಾಟದ ಮುಖವಾಡ ಹಾಕಿಕೊಂಡು ಮೇಲಿನ ಜೋಡಣೆ ಬಿಚ್ಚಿ ಪ್ಲೇಟ್ ಸೇರಿಸಿದರು. ಪ್ಲೇಟಿನಿಂದ ಹೊರಚಾಚಿದ ಕೆಂಪು ಹಿಡಿ ಕೆಳಗಿನಿಂದಲೇ ಕಾಣುತ್ತಿತ್ತು. ಬ್ಲೋವರಿನಿಂದ ಒಳಗಿನ ಗಾಳಿ ಬದಲಿಸಿ, ಮತ್ತೆ ಅದನ್ನು ನಿಲ್ಲಿಸಿ ನೋಡಿದರು. ಈ ಸಲ ಅಂಕಿ ಕದಲಲಿಲ್ಲ. ಬ್ಲೋವರ್ ಮತ್ತೆ ಚಾಲೂ ಆಯಿತು.

ರೇಷ್ಮಾ ಹೊಸ ಹಾಳೆ ತೆಗೆದು ಅಚ್ಚಾದ ಸಾಲಿಗೆ ಗೆರೆ ಎಳೆದಳು. ಮೇಲೆ ಹಳೆಯ ಸಾಲನ್ನು ಕೈಯಲ್ಲೇ ಬರೆದು ಸಹಿ ಮಾಡಿದಳು. ಮ್ಯಾನೇಜ್‌ಮೆಂಟ್ ಒಪ್ಪಿದ ಫಾರ್ಮನ್ನು ಕೆಡಿಸಿದ್ದಕ್ಕೆ ನಾಳೆ ನೋಟಿಸ್ ಬರುತ್ತದೆ ಎಂದರು ನಾಮದೇವ.

“ಬರಲ್ರಿ. ಉತ್ತರಕ್ಕ ಈ ಹಾಳೀನ ಜೋಡಸ್ತೇನಿ.”

ಒಳಗೆ ಹೋಗುವವನ ಮೇಲೆ ಕಣ್ಣಿಡಲು ಟ್ಯಾಂಕಿನ ಬಾಗಿಲಲ್ಲಿ ಕಾವಲಿನವನು ನಿಂತ. ಮಾಳು ಸೊಂಟಕ್ಕೆ ಹಗ್ಗದ ಪಟ್ಟಿ ಬಿಗಿದು, ಹಣೆಗೆ ಚೂರು ಭಂಡಾರ ಹಚ್ಚಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಟ್ಯಾಂಕಿನ ಬಾಯಲ್ಲಿ ನೀಲಿ ಬೆಳಕು ಮಿನುಗಿತು.

ರೇಷ್ಮಾ ಹೊರಗೆ ಮೀಟರಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಳು. ಪರ್ಮಿಟ್ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿ, ಉಳಿದ ಹಾಳೆಗಳಲ್ಲೂ ಆ ಸಾಲನ್ನು ಒಂದೊಂದಾಗಿ ಹೊಡೆಯುತ್ತ ಹೋದಳು. ನಾಮದೇವ ನೋಡುತ್ತ ನಿಂತಿದ್ದರು. ಆಕೆ ತಲೆ ಎತ್ತಲಿಲ್ಲ.