ಹೆಚ್ಚಾದ ಏಳು

ಚಟ್ಟ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಅಡ್ಡ ಹಿಡಿದರು, ಓರೆ ಮಾಡಿದರು, ವಾಚ್‌ಮನ್ ಬಂದು ತನಗೆ ತಿಳಿದಷ್ಟು ಬುದ್ಧಿ ಹೇಳಿದ. ಕೊನೆಗೆ ಚೆನ್ನಯ, "ಬಿಡಿ, ನಾನು ಹೊರ್ತೇನೆ" ಎಂದು ಬಿದಿರನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತತೊಡಗಿದ. ಕಲ್ಯಾಣದ ಹೋಟೆಲೊಂದರ ಅಡುಗೆಮನೆಯಲ್ಲಿ ಅವನ ಕೆಲಸ. ಒಗ್ಗರಣೆಯ ವಾಸನೆಯ ಅಂಗಿಯಲ್ಲೇ ಓಡಿ ಬಂದಿದ್ದ. ಹಿಂದೆ ಅವನ ಮಗಳು ಮಾನಸಿ ದರ್ಭೆಯ ಕಟ್ಟು ಹಿಡಿದು ಬಂದಳು. ಎರಡು ವರ್ಷ ಅವಳು ಪ್ರತಿ ಭಾನುವಾರ ಟಿಟ್ವಾಳಾದಿಂದ ಲೋಕಲ್ ರೈಲು ಹಿಡಿದು ಈ ಡೊಂಬಿವಿಲಿಯ ಮನೆಗೆ ಗಣಿತ ಹೇಳಿಸಿಕೊಳ್ಳಲು ಬರುತ್ತಿದ್ದಳು.

ಮೂರನೆಯ ಮಹಡಿಯ ಹಾಲಿನಲ್ಲಿ ರಮಾಮಣಿ ಟೀಚರ್ ಮಲಗಿದ್ದರು. ಬೆಳಗಿನ ಜಾವ, ನಿದ್ದೆಯಲ್ಲೇ ಹೃದಯ ನಿಂತಿತ್ತು. ಮುಖದಲ್ಲಿ ಇನ್ನೂ ಹೋಂವರ್ಕ್ ನೋಡುವಾಗಿನ ಗಂಟು ಹಾಗೇ ಇತ್ತು. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು ಸತ್ತ ಕೂಡಲೇ ಸಡಿಲವಾಗಿಬಿಡುತ್ತಾರೆಯೇ?

ಮೊಮ್ಮಗಳು ಮಾನ್ಯಾ ಅಜ್ಜಿಯ ಕಾಲ ಬಳಿ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ. ಪಕ್ಕದ ಮನೆಯ ಮರಾಠಿ ಕಾಕು, "ರಡ್ ಗ ಬಾಳಾ, ಅತ್ತುಬಿಡು" ಎಂದು ಬೆನ್ನು ಸವರಿದರೂ ಅವಳ ಕಣ್ಣು ಬಾಗಿಲ ಮೇಲೇ ಇತ್ತು. ಮುಂಡಪ್ಪನವರು ಬರಬಾರದು ಎಂದು ಅವಳು ಬೇಡಿಕೊಳ್ಳುತ್ತಿದ್ದಳು.

ಮುಂಡಪ್ಪನವರು ಬಂದರು. ಕನ್ನಡ ಸಂಘದ ಕಾರ್ಯದರ್ಶಿ ಬರದೆ ಇರುತ್ತಾರೆಯೇ? ಹಾರ ಹಾಕಿ, ಕಣ್ಣೊರೆಸಿಕೊಂಡು, ಟೀಚರ ಮಗ ಗುರುನಾಥನನ್ನು ಪಕ್ಕಕ್ಕೆ ಕರೆದರು.

"ಕೇಳುವ ಹೊತ್ತಲ್ಲ ಮಾರಾಯ್ರೆ, ಕ್ಷಮಿಸಿ. ವಿದ್ಯಾರ್ಥಿವೇತನದ ಪಟ್ಟಿ ನಿನ್ನೆ ಟೀಚರಿಗೆ ಕೊಟ್ಟಿದ್ದೆ. ಹೆಸರಿನ ಕಾಗುಣಿತ ಅವರೇ ನೋಡುವುದಲ್ವಾ ಪ್ರತಿ ವರ್ಷ. ಏನಾದ್ರೂ ತಪ್ಪುಂಟು ಅಂದಿದ್ರಾ? ಇವತ್ತು ಸಂಘದ ನೋಟೀಸ್ ಬೋರ್ಡಿಗೆ ಹಾಕ್ಲೇಬೇಕು. ಕಾಲೇಜಿನ ಫೀಸಿಗೆ ನಾಳೆಯೇ ಕೊನೆ ದಿನ."

"ನನಗೇನೂ ಹೇಳಲಿಲ್ಲ" ಎಂದ ಗುರುನಾಥ. "ಮಾನ್ಯಾ, ನಿನಗೇನಾದ್ರೂ ಹೇಳಿದ್ರಾ ಅಜ್ಜಿ?"

ಮಾನ್ಯಾ ಇಲ್ಲವೆಂದು ತಲೆಯಾಡಿಸಿದಳು. ಮುಂಡಪ್ಪನವರು ಅವಳ ತಲೆ ಮುಟ್ಟಿ, "ಮೊದಲ ಹೆಸರು ನಿನ್ನದೇ ಮಗಾ. ಟೀಚರ್ ನೋಡಿಯೇ ಹೋದರಲ್ಲ, ಅಷ್ಟೇ ಸಮಾಧಾನ" ಎಂದರು.

*

ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಪಟ್ಟಿ ಮನೆಗೆ ಬಂದಿತ್ತು. ಕಾಗುಣಿತ ನೋಡಿ ಮುಗಿಸಿದ ಮೇಲೂ ಟೀಚರ್ ಅದನ್ನು ಕೆಳಗಿಡಲಿಲ್ಲ. ಅಂಕಿ ಕಂಡರೆ ಕೂಡುವುದು ಅವರಿಗೊಂದು ಚಟ. ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ರೈಲು ಡಬ್ಬಿಯ ಮೇಲಿನ ನಂಬರುಗಳನ್ನೂ ಬಿಡುತ್ತಿರಲಿಲ್ಲ. ತುಟಿ ಅಲುಗಾಡುತ್ತಿತ್ತು. ಒಮ್ಮೆ ನಿಂತಿತು, ಮತ್ತೆ ಮೊದಲಿನಿಂದ ಅಲುಗಾಡಿತು.

"ಮಾನ್ಯಾ, ಬಾ ಇಲ್ಲಿ. ಈ ಸಾಲು ಕೂಡು."

ಅದು ಮಾನ್ಯಾಳದೇ ಸಾಲು. ಕನ್ನಡ ಎಂಬತ್ತೊಂದು, ಮರಾಠಿ ಎಂಬತ್ತೆಂಟು, ಇಂಗ್ಲಿಷ್ ತೊಂಬತ್ತು, ಗಣಿತ ತೊಂಬತ್ತೈದು, ವಿಜ್ಞಾನ ತೊಂಬತ್ತಮೂರು, ಸಮಾಜ ತೊಂಬತ್ತು. ಮುಂದೆ ಮೊತ್ತ: ಐನೂರ ನಲವತ್ತನಾಲ್ಕು. ಕೆಳಗಿನ ಸಾಲು ಮಾನಸಿಯದು, ಐನೂರ ನಲವತ್ತೊಂದು. ಮೊದಲ ಸ್ಥಾನಕ್ಕೆ ಎರಡು ವರ್ಷದ ಕಾಲೇಜು ಫೀಸನ್ನು ಸಂಘವೇ ಕಟ್ಟುತ್ತದೆ. ಎರಡನೆಯದಕ್ಕೆ ಶಾಲು, ಒಂದು ಪುಸ್ತಕ.

ಮಾನ್ಯಾ ಮನಸ್ಸಿನಲ್ಲೇ ಕೂಡಿದಳು. ಅಜ್ಜಿ ಕಲಿಸಿದ ಹಾಗೆ ಮೊದಲು ಬಿಡಿ, ಆಮೇಲೆ ಹತ್ತು. ಉತ್ತರ ಬಂತು. ಪಟ್ಟಿಯ ಮೊತ್ತಕ್ಕೆ ಅದು ಹೊಂದಲಿಲ್ಲ. ಅಪ್ಪನ ಬೇಲಾಪುರದ ಆಫೀಸಿನಲ್ಲಿ ಸಂಬಳ ನಿಂತು ಬಹಳ ದಿನವಾಗಿತ್ತು. ಠಾಣೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ಅಪ್ಪ ಪೇಢೆ ತಂದು, ಆಮೇಲೆ ಬಾಲ್ಕನಿಯಲ್ಲಿ ಒಬ್ಬನೇ ನಿಂತಿದ್ದ.

"ಐನೂರ ನಲವತ್ತನಾಲ್ಕು" ಎಂದಳು.

ಟೀಚರ್ ಕನ್ನಡಕದ ಮೇಲಿನಿಂದ ನೋಡಿದರು. "ಇನ್ನೊಂದು ಸಲ ಕೂಡು."

"ಸರಿಯಾಗೇ ಇದೆ ಅಜ್ಜಿ. ಕಂಪ್ಯೂಟರ್ ಕೂಡಿರೋದು!"

"ಕಂಪ್ಯೂಟರಿಗೆ ಏನು ಕೊಟ್ಟರೋ ಅದನ್ನು ಕೂಡುತ್ತೆ. ಏಳು ಹೆಚ್ಚಿದೆ. ಡ್ರಾಯಿಂಗಿನ ಎ ಗ್ರೇಡಿಗೆ ಹತ್ತನೆಯ ಪರೀಕ್ಷೆಯ ಬೋರ್ಡು ನಿನಗೆ ಕೊಟ್ಟಿದ್ದು ಏಳಲ್ವಾ?"

"ಬೋರ್ಡು ಕೊಟ್ಟಿದ್ದು ತಾನೇ! ನಾನೇನು ಕದ್ದೆನಾ?"

"ಬೋರ್ಡಿನ ಲೆಕ್ಕ ಬೇರೆ. ಅಲ್ಲಿ ಒಳ್ಳೆಯ ಐದು ವಿಷಯ ಹಿಡಿದು ಡ್ರಾಯಿಂಗ್ ಸೇರಿಸ್ತಾರೆ. ಸಂಘದ್ದು ಆರೂ ವಿಷಯ, ಬೇರೇನೂ ಇಲ್ಲ. ಕನ್ನಡದ ಅಂಕ ಬಿಟ್ಟುಹೋಗಬಾರದು ಅಂತ ಆರು. ಮಾನಸಿಯ ಶಾಲೇಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ, ಅಂಥವರಿಗೆ ಅನ್ಯಾಯ ಆಗಬಾರದು ಅಂತ ಡ್ರಾಯಿಂಗ್ ಇಲ್ಲ."

"ನಿಮಗೆ ಮಾನಸಿನೇ ಮೊಮ್ಮಗಳು! ಹೋಗಿ, ಅವಳ ಮನೇಲೇ ಇರಿ."

ಅವಳ ಕೋಣೆಯ ಬಾಗಿಲು ಬಡಿದುಕೊಂಡಿತು. ಟೀಚರ್ ಅದರಾಚೆ ಬಂದು ನಿಂತದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು. "ನಾನು ಪಟ್ಟಿಯಲ್ಲಿ ಗುರುತು ಹಾಕಿಲ್ಲ ಪುಟ್ಟಾ. ಬೆಳಿಗ್ಗೆ ನೀನೇ ಮುಂಡಪ್ಪನವರಿಗೆ ಹೇಳ್ತೀಯ. ಕಾಯ್ತೀನಿ."

ಮಾನ್ಯಾ ದೀಪ ಆರಿಸಿ ಹೊದಿಕೆ ಎಳೆದುಕೊಂಡಳು.

*

ಚಟ್ಟಕ್ಕೆ ದರ್ಭೆ ಹಾಸಿದರು. ಮುಂಡಪ್ಪನವರು ಬಾಗಿಲ ಬಳಿ ಫೋನು ಹಿಡಿದು ನಿಂತಿದ್ದರು. ಸಂಘದ ಆಫೀಸಿನಲ್ಲಿ ಪಟ್ಟಿ ತಯಾರಿಸಿದ ಹುಡುಗ ಅನೀಶ ಕಾಯುತ್ತಿದ್ದ.

"ಹೌದು ಅನೀಶ, ಟೀಚರ್ ಏನೂ ಹೇಳಲಿಲ್ಲವಂತೆ. ತಡಿ, ಹೆಣ ಎತ್ತಲಿ. ಎತ್ತಿದ ಕೂಡಲೇ ಹೇಳ್ತೇನೆ, ವೆಬ್‌ಸೈಟಿಗೂ ಹಾಕು, ಬೋರ್ಡಿಗೂ ಹಾಕು. ಹಾಕಿದ ಮೇಲೆ ಬದಲಿಲ್ಲ ಅಂತ ಕೆಳಗೆ ಬರೆ. ಕಳೆದ ವರ್ಷದ ಜಗಳ ಸಾಕು."

ಬದಲಿಲ್ಲ. ಆ ಮಾತು ಮಾನ್ಯಾಳ ಕಿವಿಗೆ ಬಿತ್ತು. ಪಟ್ಟಿಯಲ್ಲಿ ಗುರುತಿಲ್ಲ. ತಿಳಿದವರು ಇಬ್ಬರು, ಅವರಲ್ಲಿ ಒಬ್ಬರು ಹೋದರು. ಸುಮ್ಮನಿದ್ದರೆ ಮುಗಿಯಿತು. ಅಪ್ಪ ಬಾಲ್ಕನಿಯಲ್ಲಿ ಒಬ್ಬನೇ ನಿಲ್ಲುವುದೂ ಮುಗಿಯಿತು.

"ಮೊಮ್ಮಕ್ಕಳು ಬನ್ನಿ. ಬಾಯಿಗೆ ಅಕ್ಕಿಕಾಳು ಹಾಕಿ" ಎಂದರು ಪುರೋಹಿತರು. "ಬೇಗ, ಕೆಳಗೆ ಗಾಡಿ ಕಾಯ್ತಿದೆ."

ಮಾನಸಿ ದೂರದಲ್ಲೇ ನಿಂತು ಬಿಕ್ಕುತ್ತಿದ್ದಳು. ತನ್ನ ಪಾಲಿಗೆ ಏನು ಬರಬೇಕಿತ್ತೋ ಅದರ ಸುಳಿವೂ ಅವಳಿಗಿರಲಿಲ್ಲ. ಅವಳು ಅಳುತ್ತಿದ್ದುದು ಟೀಚರಿಗಾಗಿ ಮಾತ್ರ. ಅದನ್ನು ನೋಡಲು ಮಾನ್ಯಾಳಿಂದ ಆಗಲಿಲ್ಲ.

ಅವಳು ಅಕ್ಕಿ ಹಿಡಿದು ಬಾಗಿದಳು. ಅಜ್ಜಿಯ ತುಟಿ ಸ್ವಲ್ಪ ತೆರೆದಿತ್ತು, ಕೂಡುತ್ತಾ ಅರ್ಧಕ್ಕೆ ನಿಂತ ಹಾಗೆ.

"ಐನೂರ ಮೂವತ್ತೇಳು" ಎಂದಳು. "ಐನೂರ ಮೂವತ್ತೇಳು, ಅಜ್ಜಿ. ಐನೂರ ಮೂವತ್ತೇಳು."

ಹುಡುಗಿಗೆ ತಲೆ ಕೆಟ್ಟಿತೆಂದು ಕಾಕು ಅವಳ ತೋಳು ಹಿಡಿದರು. ಮಾನ್ಯಾ ಬಿಡಿಸಿಕೊಂಡು ಎದ್ದಳು.

"ಅಂಕಲ್, ಹಾಕಿಸಬೇಡಿ. ನನ್ನ ಮೊತ್ತ ತಪ್ಪು. ಡ್ರಾಯಿಂಗಿನ ಏಳು ಸೇರಿಬಿಟ್ಟಿದೆ. ಅಜ್ಜಿ ನಿನ್ನೆನೇ ಹೇಳಿದ್ರು. ನಾನು... ನಾನು ನಿಮಗೆ ಸುಳ್ಳು ಹೇಳಿದೆ."

ಮುಂಡಪ್ಪನವರು ಒಮ್ಮೆ ಹೆಣವನ್ನು, ಒಮ್ಮೆ ಗುರುನಾಥನನ್ನು ನೋಡಿದರು. ಫೋನಿನಲ್ಲಿ ಕೇಳಿದರು. ಅತ್ತಲಿಂದ ಕೀಲಿಮಣೆಯ ಟಕಟಕ, ಆಮೇಲೆ ಅನೀಶನ ಸಣ್ಣ ದನಿ: "ಅಯ್ಯೋ ಸರ್... ಡ್ರಾಯಿಂಗ್ ಕಾಲಂ ಪ್ರಿಂಟಿಗೆ ಬೇಡ ಅಂತ ಹೈಡ್ ಮಾಡಿದ್ದೆ. ಕಾಣಲ್ಲ ಅಷ್ಟೇ, ಮೊತ್ತದಲ್ಲಿ ಇದೆ. ಆ ಕಾಲಮ್ಮಿನಲ್ಲಿ ಅಂಕ ಇರೋದು ಇವರೊಬ್ಬರಿಗೇ."

ಗುರುನಾಥ ಬೆಂಕಿಯ ಮಡಕೆ ಹಿಡಿದು ನಿಂತಿದ್ದ. ಹೊಗೆಗೋ ಏನೋ ಕಣ್ಣು ಕೆಂಪಾಗಿತ್ತು. ಮಗಳ ಹತ್ತಿರ ಬಂದ.

"ಸರಿಯಾಗಿ ಕೂಡಿದ್ದೀಯಾ?"

"ಎರಡು ಸಲ, ಅಪ್ಪ."

ಅವನು ತಲೆಯಾಡಿಸಿ ಬಾಗಿಲ ಕಡೆ ತಿರುಗಿದ. ಚೆನ್ನಯ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಮೆಟ್ಟಿಲ ತಿರುವಿನಲ್ಲಿ ಚಟ್ಟ ಓರೆಯಾದಾಗ, "ಮೆಲ್ಲಗೆ, ಟೀಚರಿಗೆ ಪೆಟ್ಟಾಗ್ತದೆ" ಎಂದು ಅವನೇ ಎಲ್ಲರನ್ನೂ ಗದರಿದ. ಹಿಂದೆ ಮುಂಡಪ್ಪನವರು ಜೇಬಿನಲ್ಲಿದ್ದ ತಮ್ಮ ಪಟ್ಟಿ ಬಿಡಿಸಿ, ಬೆರಳ ಗೆಣ್ಣಿನ ಮೇಲೆ ಒಂದೊಂದೇ ಸಾಲು ಕೂಡುತ್ತಾ ಇಳಿದರು. ಬಾಗಿಲಲ್ಲಿ ಉಳಿದ ಮಾನ್ಯಾಳ ಬೆರಳಿಗೆ ಎರಡು ಅಕ್ಕಿಕಾಳು ಅಂಟಿಕೊಂಡೇ ಇದ್ದವು. ಇದರಿಂದ ತನಗೇನಾಯಿತೆಂದು ಇನ್ನೂ ತಿಳಿಯದ ಮಾನಸಿ ಬಂದು ಆ ಕೈಯನ್ನು ಹಿಡಿದುಕೊಂಡಳು.