ಹದಿನೇಳು ‘ಯಾರೋ’ಗಳು

ಹೊಸ ಪುಸ್ತಕ ಕೈಗೆ ಬಂದರೆ ಜನ ಮೊದಲು ತೆರೆಯುವುದು ಮುನ್ನುಡಿಯನ್ನಲ್ಲ, ಕೊನೆಯ ಪುಟಗಳನ್ನು. ಅಲ್ಲಿ ಅಕಾರಾದಿಯಾಗಿ ಹೆಸರುಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಪುಟ, ಭಾವಮೈದುನನಿಗಿಂತ ಒಂದು ಹೆಚ್ಚೋ ಕಡಿಮೆಯೋ ಎಂದು ನೋಡುತ್ತಾರೆ. ಹೀಗೆ ಮಾಡುತ್ತೇನೆಂದು ಒಪ್ಪಿಕೊಂಡವರನ್ನು ನಾನು ಕಂಡಿಲ್ಲ, ಮಾಡದವರನ್ನೂ ಕಂಡಿಲ್ಲ. ಆ ಪಟ್ಟಿಗೆ ಪದಸೂಚಿ ಅನ್ನುತ್ತಾರೆ. ಅದನ್ನು ಮಾಡಿಕೊಡುವುದೇ ನಾನು ಹೇಳಹೊರಟ ಹೆಂಗಸಿನ ಕಸುಬು. ಬಲ್ಲವರು ಅವಳನ್ನು ‘ಸೂಚಿ ಮೇಡಂ’ ಎಂದೇ ಕರೆಯುತ್ತಿದ್ದರು.

ಮೂರನೇ ಮಹಡಿಯ ಮನೆ, ಊಟದ ಮೇಜೇ ಕಚೇರಿ. ಊಟದ ಹೊತ್ತಿಗೆ ಕಾಗದಗಳೆಲ್ಲ ಕಿಟಕಿಯ ಕಟ್ಟೆಗೆ ಹೋಗಿ, ಊಟವಾದ ಮೇಲೆ ಮತ್ತೆ ಮೇಜಿಗೆ ಬರುತ್ತಿದ್ದವು. ಎದುರಿನ ಕುರ್ಚಿಯಲ್ಲಿ ಅವಳ ಅತ್ತೆ. ಅತ್ತೆಗೆ ಮಂಡಿನೋವು, ಕಿವಿ ಮಾತ್ರ ಚುರುಕು. ಸೊಸೆ ಯಾವ ಪುಸ್ತಕ ಹಿಡಿದರೂ ಅದರಲ್ಲಿ ಯಾರು ಯಾರನ್ನು ಮದುವೆಯಾದರು, ಯಾರು ಯಾರಿಗೆ ಕೈಕೊಟ್ಟರು ಎಂಬ ವರದಿ ಅವರಿಗೆ ಮಧ್ಯಾಹ್ನದ ಚಹಾದ ಜೊತೆ ಸಲ್ಲಬೇಕಿತ್ತು.

ಈ ಸಲದ ಪುಸ್ತಕ ಒಬ್ಬ ನಿವೃತ್ತ ಇಂಜಿನಿಯರರ ಆತ್ಮಕತೆ. ಬದುಕಿಡೀ ಸೇತುವೆ ಕಟ್ಟಿದವರು. ಕರಾರು ಒಂದೇ ಹಾಳೆಯದು: ಪುಟಗಳು ಅಂತಿಮವಾದ ಮೇಲೆ ಮುನ್ನೂರ ಹನ್ನೆರಡು ಪುಟಗಳಿಗೆ ವ್ಯಕ್ತಿ, ಸ್ಥಳ, ಸೇತುವೆ, ವಿಷಯಗಳ ಸೂಚಿ, ಇಪ್ಪತ್ತು ದಿನ, ಒಂದು ಸಲ ತಿದ್ದುಪಡಿ. ಕೆಳಗೆ ಇನ್ನೊಂದು ಸಾಲು: ಬರವಣಿಗೆ, ಕಾಗುಣಿತ, ಸಂಗತಿಗಳ ಪರಿಶೀಲನೆ ಇದರಲ್ಲಿ ಸೇರಿಲ್ಲ. ಈ ಸಾಲನ್ನು ಅವಳು ಪೆಟ್ಟು ತಿಂದು ಕಲಿತದ್ದು. ಬೆರಳು ತೋರಿಸಿದರೆ ಹಸ್ತ ನುಂಗುವ ಲೇಖಕರನ್ನು ಅವಳು ಸಾಕಷ್ಟು ನೋಡಿದ್ದಳು.

ಇಂಜಿನಿಯರರ ಪುಸ್ತಕ ಚೆನ್ನಾಗಿತ್ತು. ಮಂತ್ರಿಗಳು, ಗುತ್ತಿಗೆದಾರರು, ಪ್ರವಾಹ, ಬಿರುಕು ಬಿಟ್ಟ ಕಂಬ, ಎಲ್ಲ ಇತ್ತು. ಅವರ ನಾಯಿಗೇ ಒಂಬತ್ತು ಪುಟ ಸಿಕ್ಕಿತ್ತು. ಆದರೆ ನೂರು ಪುಟ ದಾಟುವಷ್ಟರಲ್ಲಿ ಅವಳಿಗೆ ಏನೋ ಕಚಗುಳಿ ಇಡತೊಡಗಿತು. ನಲವತ್ತೊಂದನೇ ಪುಟದಲ್ಲಿ ‘ಬೆಳಗಿನ ಜಾವವೇ ಬುತ್ತಿ ಕಟ್ಟಿಕೊಟ್ಟರು’ ಅಂತಿದೆ. ಯಾರು ಕೊಟ್ಟರು? ನೂರ ಹದಿನೆಂಟರಲ್ಲಿ ಪ್ರವಾಹದಲ್ಲಿ ನೆನೆದ ನಕ್ಷೆಗಳನ್ನು ‘ರಾತ್ರಿಯಿಡೀ ಒಲೆಯ ಮುಂದೆ ಒಣಗಿಸಲಾಯಿತು’. ಒಲೆಯ ಮುಂದೆ ಕೂತವರು ಯಾರು? ಇನ್ನೂರ ಮೂರರಲ್ಲಿ ದೊಡ್ಡ ಸೇತುವೆಯ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿತ್ತು, ‘ಯಾರೋ ತೋರಿಸಿಕೊಟ್ಟರು’, ಕೆಲಸ ಉಳಿಯಿತು. ಸೇತುವೆ ಉಳಿಸಿದವರ ಹೆಸರನ್ನೂ ಬರೆಯಬಾರದೇ ಈ ಮನುಷ್ಯ?

ಸೂಚಿಗೆ ಬೇಡವಾದರೂ ತನ್ನ ಚಪಲಕ್ಕೆ ಅವಳು ಒಂದು ಚೀಟಿ ಇಟ್ಟುಕೊಂಡಳು. ತಲೆಬರಹ ‘ಯಾರೋ’. ಪುಸ್ತಕ ಮುಗಿದಾಗ ಅದರಲ್ಲಿ ಹದಿನೇಳು ಪುಟಸಂಖ್ಯೆಗಳಿದ್ದವು.

“ಮದುವೆ ಆಗಿದೆಯೇನೇ ಅವರಿಗೆ?” ಎಂದು ಅತ್ತೆ ಕೇಳಿದರು.

“ಆಗಿರ್ಬೇಕು ಅತ್ತೆ. ಮಗಳಿಗೆ ಜ್ವರ ಬಂದಿದ್ದು ಇದೆ.”

“ಹೆಂಡ್ತಿ ಹೆಸರೇನು?”

“ಎಲ್ಲೂ ಬರೆದಿಲ್ಲ.”

ಅತ್ತೆ ಚಹಾ ಕೆಳಗಿಟ್ಟರು. “ಹಾಗಾದ್ರೆ ಆ ಹದಿನೇಳೂ ಅವಳೇ. ಬರೆದಿಟ್ಕೋ.”

ಸೂಚಿ ಮೇಡಂಗೂ ಹಾಗೇ ಅನ್ನಿಸಿತ್ತು. ಆದರೆ ಅನ್ನಿಸಿದ್ದನ್ನು ಸೂಚಿಗೆ ಹಾಕುವಂತಿಲ್ಲ. ಅವಳು ಕರಾರಿನಂತೆ ಕೆಲಸ ಮುಗಿಸಿ, ಹೇಳಿದ ದಿನಕ್ಕೆ ಕಳಿಸಿಕೊಟ್ಟಳು.

ಮಂಗಳವಾರ ಬೆಳಿಗ್ಗೆ ಇಂಜಿನಿಯರರು ತಾವೇ ಮೂರು ಮಹಡಿ ಹತ್ತಿ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಸೂಚಿಯ ಪ್ರತಿ. ಉಸಿರು ಸುಧಾರಿಸಿಕೊಂಡು ಕೂತವರು ಸೂಚಿಯನ್ನು ಹೊಗಳಿದರು. ಹೊಗಳಿಕೆ ಉದ್ದವಾದಷ್ಟೂ ಅವಳಿಗೆ ಅದರ ಹಿಂದೆ ಏನೋ ಇದೆ ಅನ್ನಿಸಿತು.

“ನಿನ್ನೆ ಇದನ್ನ ನಮ್ಮ ಮನೆಯವಳ ಕೈಗೆ ಕೊಟ್ಟೆ,” ಎಂದರು ಕೊನೆಗೆ. “ಕನ್ನಡಕ ಹಾಕ್ಕೊಂಡು ನೇರವಾಗಿ ಅವಳ ಹೆಸರಿನ ಅಕ್ಷರಕ್ಕೇ ಹೋದಳು. ಆಮೇಲೆ ಪುಟ ತಿರುಗಿಸಿ ನಮ್ಮ ನಾಯಿಯ ಹೆಸರಿನ ಹತ್ರ ಸ್ವಲ್ಪ ಹೊತ್ತು ನಿಂತಳು. ‘ಚೆನ್ನಾಗಿದೆ’ ಅಂದು ವಾಪಸ್ ಕೊಟ್ಟಳು. ಜಗಳ ಆಡಿದ್ರೆ ನಂಗೆ ಗೊತ್ತು ಏನು ಮಾಡ್ಬೇಕು ಅಂತ. ಅವಳು ಜಗಳ ಆಡ್ತಿಲ್ಲಮ್ಮ.”

ಮುಂದಿನ ಸೋಮವಾರ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಹೋದರೆ ಹೋಯಿತು. ನಲವತ್ತೇಳು ವರ್ಷ ಜೊತೆಗೆ ಬದುಕಿದವಳು ಆ ಬದುಕಿನ ಪುಸ್ತಕದಲ್ಲಿ ಇರುವುದಿಲ್ಲ, ಮತ್ತು ಅದು ಅವಳಿಗೆ ಗೊತ್ತಿರುತ್ತದೆ. ಮನುಷ್ಯನ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು.

“ನೀವು ಪುಸ್ತಕ ಸಾಲು ಸಾಲು ಓದಿದ್ದೀರಿ,” ಎಂದರು. “ಎಲ್ಲೆಲ್ಲಿ ಅವಳನ್ನ ಸೇರಿಸಬಹುದು ಅಂತ ನಿಮಗೇ ಗೊತ್ತು. ಅಲ್ಲಲ್ಲಿ ಎರಡೆರಡು ಸಾಲು ಬರೆದುಬಿಡಿ, ಸೂಚಿಗೂ ಹಾಕಿಬಿಡಿ. ನಿಮ್ಮ ಭಾಷೆ ಚೆನ್ನಾಗಿದೆ. ನನಗೆ ಸೇತುವೆ ಬಿಟ್ಟು ಬೇರೆ ಬರೆಯೋಕೆ ಬರಲ್ಲ.”

ಅವಳ ಬೆರಳು ತುರಿಸಿದ್ದು ಸುಳ್ಳಲ್ಲ. ಚೀಟಿ ಅಲ್ಲೇ ಕಿಟಕಿಯ ಕಟ್ಟೆಯ ಮೇಲಿತ್ತು. ಒಂದು ಮಧ್ಯಾಹ್ನದ ಕೆಲಸ. ಹದಿನೇಳು ‘ಯಾರೋ’ಗಳನ್ನು ಅಳಿಸಿ ಒಂದು ಹೆಸರು ಹಾಕಿದರೆ ಒಬ್ಬ ಹೆಂಗಸಿಗೆ ನ್ಯಾಯ ಸಿಗುತ್ತದೆ ಎಂದು ಅವಳ ಮನಸ್ಸೇ ವಕಾಲತ್ತು ವಹಿಸಿತು. ಎದುರು ಕುರ್ಚಿಯಿಂದ ಅತ್ತೆಯ ಕಣ್ಣೂ ‘ಹೂಂ ಅನ್ನು’ ಎನ್ನುತ್ತಿತ್ತು. ನೋಡೋಣ, ಮಾಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಡಬಹುದಿತ್ತು. ಹಾಗೆ ಇಟ್ಟರೆ ಅವರು ಸೋಮವಾರದವರೆಗೂ ಕಾಯುತ್ತಾ ಕೂರುತ್ತಾರೆ, ಅದು ಇನ್ನೂ ದೊಡ್ಡ ಅನ್ಯಾಯ.

“ಸರ್, ಕ್ಷಮಿಸಿ, ಈ ಕೆಲಸ ನಾನು ಮಾಡಲ್ಲ,” ಎಂದಳು. “ನಾವು ಒಪ್ಪಿಕೊಂಡಿದ್ದು ಸೂಚಿ. ಬರವಣಿಗೆ ಅದರಲ್ಲಿ ಇಲ್ಲ. ಅದಕ್ಕೆ ಬೇರೆ ಕರಾರು ಮಾಡಿಕೊಳ್ಳೋಣ ಅಂದ್ರೂ, ಇದನ್ನ ನಾನು ಒಪ್ಪಿಕೊಳ್ಳೋಕಾಗಲ್ಲ.”

“ಬರೀ ಸೂಚಿಗಾದ್ರೂ ಹೆಸರು ಹಾಕಿ.”

“ಯಾವ ಪುಟ ಅಂತ ಹಾಕಲಿ? ಸೂಚಿ ನೋಡಿ ಓದುವವರು ಆ ಪುಟಕ್ಕೆ ಹೋಗ್ತಾರೆ. ಅಲ್ಲಿ ಅವರು ಇರಲ್ಲ. ಅವರೇ ಹೋಗಿ ನೋಡಿದ್ರೆ?”

ಇಂಜಿನಿಯರರು ಸೂಚಿಯ ಪ್ರತಿಯನ್ನು ಮಡಿಸಿದರು. ಅವರಿಗೆ ಇಂಥ ಮಾತು ಅರ್ಥವಾಗುತ್ತದೆ. ಕಂಬವಿಲ್ಲದ ಕಡೆ ನಕ್ಷೆಯಲ್ಲಿ ಕಂಬ ತೋರಿಸುವಂತಿಲ್ಲ.

“ಅವರು ಏನು ಮಾಡಿದ್ರು ಅಂತ ನನಗೆ ಗೊತ್ತಿಲ್ಲ ಸರ್. ನಾನು ಬರೆದರೆ ನನ್ನ ಊಹೆ ನಿಮ್ಮ ಬಾಯಲ್ಲಿ ಬಂದ ಹಾಗಾಗುತ್ತೆ. ನೀವೇ ಬರೀರಿ. ಮೊದಲು ಪ್ರಕಾಶಕರಿಗೆ ಫೋನ್ ಮಾಡಿ. ಪುಟದ ಸಾಲುಗಳು ಮುಂದಿನ ಪುಟಕ್ಕೆ ಜರುಗದ ಹಾಗೆ ತಿದ್ದಿದರೆ ಬಹುಶಃ ಒಪ್ತಾರೆ. ಜರುಗಿದರೆ ನನ್ನ ಸೂಚಿಯ ಪುಟಸಂಖ್ಯೆಗಳೆಲ್ಲ ಸುಳ್ಳಾಗ್ತವೆ. ತಿದ್ದಿದ ಪುಟಗಳು ಶುಕ್ರವಾರ ನನ್ನ ಕೈಗೆ ಬಂದ್ರೆ, ಅಷ್ಟಕ್ಕೆ ಮಾತ್ರ ಹೊಸ ನಮೂದುಗಳನ್ನ ಶನಿವಾರ ಮಾಡಿಕೊಡ್ತೀನಿ. ಅದು ಹೊಸ ಕೆಲಸ, ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕೋಣ.”

“ಎಲ್ಲಿಂದ ಶುರು ಮಾಡಲಿ?”

ಆಗ ಅವಳು ಎದ್ದು ಚೀಟಿ ತಂದು ಕೊಟ್ಟಳು. “ಇದು ಕೆಲಸ ಅಲ್ಲ, ನನ್ನ ಕುತೂಹಲ. ಹದಿನೇಳು ಕಡೆ ‘ಯಾರು?’ ಅಂತ ನನಗೆ ಕೇಳಬೇಕು ಅನ್ನಿಸ್ತು. ಉತ್ತರ ನಿಮ್ಮದು.”

ಅವರು ಮೇಜಿನ ಮೇಲಿದ್ದ ಪುಸ್ತಕದ ಕರಡಿನ ಪುಟ ತಿರುಗಿಸುತ್ತಾ ಚೀಟಿಯ ಮೇಲೆ ಬೆರಳಿಟ್ಟು ಒಂದೊಂದಾಗಿ ನೋಡಿದರು. ಮೂರನೆಯದಕ್ಕೆ ಹುಬ್ಬು ಗಂಟಾಯಿತು. ಆರನೆಯದಕ್ಕೆ ಕನ್ನಡಕ ತೆಗೆದರು. “ನನಗೇ ಸರಿಯಾಗಿ ನೆನಪಿಲ್ಲ,” ಎಂದು ಮೆಲ್ಲಗೆ ಹೇಳಿ, ಚೀಟಿಯನ್ನು ಜೇಬಿಗೆ ಹಾಕಿಕೊಂಡು ಇಳಿದು ಹೋದರು.

“ಕಲ್ಲೆದೆ ನಿಂದು,” ಎಂದರು ಅತ್ತೆ. ಬುಧವಾರ, ಗುರುವಾರ ಕಳೆಯಿತು. ಸೂಚಿ ಮೇಡಂ ಬೇರೊಂದು ಪುಸ್ತಕ ಹಿಡಿದಿದ್ದಳು, ಮನಸ್ಸು ಮಾತ್ರ ಆ ಒಲೆಯ ಮುಂದೆ ಕೂತಿತ್ತು. ತಾನು ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಅವಳಿಗೆ ಸಂಕಟವಾಗುತ್ತಿತ್ತು.

ಶುಕ್ರವಾರ ಹನ್ನೊಂದು ಗಂಟೆಗೆ ಕರೆಗಂಟೆ. ಇಂಜಿನಿಯರರ ಹಿಂದೆ ಒಬ್ಬರು ಗಿಡ್ಡ ಹೆಂಗಸು, ಮೆಟ್ಟಿಲು ಹತ್ತಿದ ಸುಸ್ತು ಒಂದಿಷ್ಟೂ ಇಲ್ಲ. ಅತ್ತೆ ಮಂಡಿನೋವು ಮರೆತು ಎದ್ದು ನಿಂತು ಕುರ್ಚಿ ಕೊಟ್ಟರು.

ತಿದ್ದಿದ ಪುಟಗಳನ್ನು ಪ್ರಕಾಶಕರು ಒಪ್ಪಿದ್ದರು, ಒಂದು ಸಾಲೂ ಜರುಗಿರಲಿಲ್ಲ. ಸೂಚಿ ಮೇಡಂ ಒಂದೊಂದೇ ಪುಟ ನೋಡುತ್ತಾ ಹೋದಳು. ನಲವತ್ತೊಂದು: ಬುತ್ತಿ ಕಟ್ಟಿದ್ದು ಇಂಜಿನಿಯರರ ತಾಯಿ. ನೂರ ಹದಿನೆಂಟು: ನಕ್ಷೆ ಒಣಗಿಸಿದ್ದು ಗುತ್ತಿಗೆದಾರನ ಹೆಂಡತಿ. ಇದನ್ನು ಓದಿ ಬೆಚ್ಚಿ ತಲೆಯೆತ್ತಿದಳು.

“ಇವರು ಎಲ್ಲದಕ್ಕೂ ನನ್ನ ಹೆಸರೇ ಬರೆಯೋಕೆ ಹೊರಟಿದ್ರು,” ಎಂದರು ಆ ಹೆಂಗಸು. “ನಾನು ಬಿಡಲಿಲ್ಲ. ಆ ಪ್ರವಾಹದ ರಾತ್ರಿ ನಾನು ತವರಲ್ಲಿದ್ದೆ. ಆಯಮ್ಮ ಕೈ ಸುಟ್ಕೊಂಡಿದ್ದಳು. ಅವಳದ್ದು ಎರಡು, ನಮ್ಮತ್ತೇದು ನಾಲ್ಕು, ನನ್ನದು ಹನ್ನೊಂದು.”

ಸೂಚಿ ಮೇಡಂ ಆ ಪುಟಗಳನ್ನು ಮತ್ತೊಮ್ಮೆ ನೋಡಿದಳು. ಮಂಗಳವಾರ ತಾನು ಹೂಂ ಅಂದಿದ್ದರೆ ಇಬ್ಬರು ಹೆಂಗಸರ ಕೆಲಸವನ್ನು ಕಿತ್ತು ಮೂರನೆಯವರಿಗೆ ಕೊಟ್ಟು, ಅದನ್ನೇ ನ್ಯಾಯ ಅಂದುಕೊಳ್ಳುತ್ತಿದ್ದಳು. ಇನ್ನೂರ ಮೂರನೇ ಪುಟಕ್ಕೆ ಬಂದಾಗ ಅಲ್ಲಿ ಆ ಹೆಂಗಸಿನ ಹೆಸರಿತ್ತು. ಅವಳಿಗೆ ತಡೆಯಲಾಗಲಿಲ್ಲ.

“ಲೆಕ್ಕ ತಪ್ಪಿದ್ದು ನಿಮಗೆ ಹೇಗೆ ಗೊತ್ತಾಯ್ತು?”

“ನಂಗೆಲ್ಲಿಯ ಲೆಕ್ಕ? ಇವರು ರಾತ್ರಿ ಊಟಕ್ಕೆ ಕೂತಾಗ ಅಂಕಿಗಳನ್ನ ಬಾಯಲ್ಲಿ ಹೇಳ್ಕೊಳ್ತಾರೆ. ಒಂದು ದಿನ ಒಂದು ಹೇಳಿದ್ರು, ಮಾರನೇ ದಿನ ಇನ್ನೊಂದು ಹೇಳಿದ್ರು. ‘ನಿನ್ನೆ ಬೇರೆ ಅಂದಿದ್ರಲ್ಲ’ ಅಂದೆ, ಅಷ್ಟೇ.”

ಇಂಜಿನಿಯರರು ಹೆಂಡತಿಯ ಕಡೆ ತಿರುಗಿದರು. “ನೀನು ಅದನ್ನೆಲ್ಲ ಕೇಳಿಸ್ಕೊಳ್ತಿದ್ದೆಯಾ?”

“ಎದುರಿಗೇ ಕೂತಿರ್ತಿದ್ದೆನಲ್ಲ.”

ಅವರು ಜೇಬಿನಿಂದ ಪೆನ್ನು ತೆಗೆದು ಇನ್ನೂರ ಮೂರನೇ ಪುಟದ ಅಂಚಿಗೆ ಹಿಡಿದರು. “ಇದನ್ನೂ ಸೇರಿಸಬೇಕು. ಒಂದೇ ಒಂದು ಪ್ಯಾರಾ. ನಾಳೆ ಒಂದು ದಿನ ಇದೆಯಲ್ಲ ಮೇಡಂ?”

“ಇಲ್ಲ ಸರ್,” ಎಂದಳು ಅವಳು, ಆದಷ್ಟು ಮೃದುವಾಗಿ. “ಆ ಪುಟದಲ್ಲಿ ಜಾಗ ಇಲ್ಲ. ಪ್ರಕಾಶಕರು ಒಪ್ಪಿದ ಪುಟಗಳಿಗೆ ಮಾತ್ರ ನಾನು ನಾಳೆ ಸೂಚಿ ಕೊಡ್ತೀನಿ. ಇದು ಈ ಪುಸ್ತಕಕ್ಕೆ ಬರಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಎರಡು ಸಾಲಿನ ಹೊಸ ಕರಾರಿಗೆ ಸಹಿಯಾಯಿತು. ಗಂಡಹೆಂಡತಿ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಇಂಜಿನಿಯರರು ಹೆಂಡತಿಯನ್ನು ಕೇಳಿದರು:

“ಇನ್ನೇನೇನು ಕೇಳಿಸ್ಕೊಂಡಿದ್ದೀಯ ನೀನು?”

“ಈಗ ಕೇಳ್ತಿದ್ದೀರಾ?” ಎಂದು ಆಕೆ ನಕ್ಕರು. ನಕ್ಕು, ಮೆಟ್ಟಿಲ ಕಂಬಿ ಹಿಡಿದು ಮೊದಲ ಮೆಟ್ಟಿಲಿಳಿಯುತ್ತಲೇ ಹೇಳತೊಡಗಿದರು. ಇಂಜಿನಿಯರರು ಒಂದು ಮೆಟ್ಟಿಲು ಹಿಂದೆ, ಕೇಳಿಸಲೆಂದು ತಲೆ ಬಗ್ಗಿಸಿಕೊಂಡು ಇಳಿದರು. ಎರಡನೇ ಮಹಡಿಯವರೆಗೆ ಮಾತು ಸ್ಪಷ್ಟವಾಗಿತ್ತು, ಅಲ್ಲಿಂದ ಕೆಳಗೆ ಬರೀ ಧ್ವನಿ. ಸೂಚಿ ಮೇಡಂ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಇನ್ನೆರಡು ಮೆಟ್ಟಿಲು ಇಳಿದರೆ ಎಲ್ಲ ಕೇಳಿಸುತ್ತಿತ್ತು. ಒಳಗಿನಿಂದ ಅತ್ತೆ “ಏನಂತೇ, ಏನಂತೇ” ಎಂದು ಕೇಳುತ್ತಿದ್ದರು.

“ಅದು ನಮಗಲ್ಲ ಅತ್ತೆ,” ಎಂದು ಅವಳು ಬಾಗಿಲು ಹಾಕಿದಳು.